48 ಸಾವಿರದ ಕೊಟೇಷನ್ 80 ಸಾವಿರವಾದ ಕಥೆ!

ಶೂಟಿಂಗ್ ಸ್ಪಾಟುಗಳಲ್ಲಿ ಸುತ್ತಾಡಿ, ಕಂಡದ್ದನ್ನು ಬರೆದು ಹೊಟ್ಟೆ ಹೊರೆಯುವವನು ನಾನು. ಹೆಸರಾಂತ ಛಾಯಾಗ್ರಾಹಕರ ಪಕ್ಕ ನಿಂತು ಟೀ ಕುಡಿದಿದ್ದೇನೆ. ಟ್ರಾಲಿ ತಳ್ಳುವ ಹುಡುಗರ ಜೊತೆ ಚಿತ್ರಾನ್ನ ಹಂಚಿಕೊಂಡಿದ್ದೇನೆ. ಕಾಲ್‌ಷೀಟು, ಟೇಕು, ರೀಟೇಕು... ಕ್ಯಾಮೆರಾ ವಿಷಯ ನನಗೆ ಗೊತ್ತಿಲ್ಲದ್ದೇನಿದೆ ಅನ್ನೋ ಜಂಭ ಇತ್ತು. ಆ ಜಂಭದ ಬಲೂನಿಗೆ ಸೂಜಿ ಚುಚ್ಚಿದ್ದು ಯಾವ ಡೈರೆಕ್ಟರೂ ಅಲ್ಲ ಸ್ವಾಮಿ, ಮದುವೆ ಫೋಟೋ ತೆಗೆಯುವ ಮೂರು ಸ್ಟುಡಿಯೋದವರು!

2025ರ ಫೆಬ್ರವರಿಯಲ್ಲಿ ತಿಪಟೂರಿನಲ್ಲಿ ನನ್ನ ತಂಗಿಯ ಮದುವೆ. ಎರಡು ತಿಂಗಳ ಮುಂಚೆ ಅಪ್ಪ ಕರೆದು ಹೇಳಿದರು: ‘ಸಿನಿಮಾದವರ ಜೊತೆ ಓಡಾಡ್ತೀಯಲ್ಲ, ಫೋಟೋ ವಿಡಿಯೋ ಜವಾಬ್ದಾರಿ ನಿಂದೇ ಕಣಪ್ಪ. ಹೋದ ಸಲದ ಹಂಗೆ ಆಗಬಾರದು.’

ಹೋದ ಸಲ! ಆ ಮಾತು ಬಂದರೆ ಸಾಕು, ನಮ್ಮ ಮನೆಯಲ್ಲಿ ಎಲ್ಲರ ಬಾಯಿ ಮುಚ್ಚಿಹೋಗುತ್ತದೆ. ಯಾಕೆ ಅಂತ ಹೇಳಬೇಕಾದರೆ ಒಂದು ಸಣ್ಣ ಫ್ಲಾಷ್‌ಬ್ಯಾಕ್ ಬೇಕು.

ಫ್ಲಾಷ್‌ಬ್ಯಾಕ್: 2015

ಅಕ್ಕನ ಮದುವೆ ನಡೆದದ್ದು 2015ರಲ್ಲಿ. ನಾನು ಪಿಯುಸಿಗೆ ಟಾಟಾ ಹೇಳಿ ಮನೆಯಲ್ಲಿ ಬೈಸಿಕೊಂಡು ತಿರುಗುತ್ತಿದ್ದ ಕಾಲ. ಫೋಟೋ ವಿಡಿಯೋಗೆ ಒಂದು ಸ್ಟುಡಿಯೋ ಗೊತ್ತು ಮಾಡಿದರು. ‘ಎರಡು ದಿನದ್ದು, ಎಲ್ಲಾ ಸೇರಿ ಇಷ್ಟು’ ಅಂದರು, ಅಪ್ಪ ತಲೆಯಾಡಿಸಿದರು, ಅಡ್ವಾನ್ಸ್ ಕೊಟ್ಟರು. ಅಷ್ಟೇ ಅಗ್ರಿಮೆಂಟು!

ಮುಹೂರ್ತ ಆಯಿತು. ಊಟ ಆಯಿತು. ಒಂದೂವರೆ ಹೊತ್ತಿಗೆ ಕ್ಯಾಮೆರಾದವರು ಬ್ಯಾಗು ಕಟ್ಟಿದರು. ‘ಧಾರೆ ಮುಗೀತಲ್ಲ ಸಾರ್, ನಮ್ಮದೂ ಮುಗೀತು’ ಅಂದರು. ಹೆಣ್ಣೊಪ್ಪಿಸುವ ಶಾಸ್ತ್ರ ನಡೆದದ್ದು ಮಧ್ಯಾಹ್ನ ಮೂರೂವರೆಗೆ. ಎರಡು ದಿನವೂ ಉಗ್ರಾಣ, ಅಡಿಗೆಮನೆ ಅಂತ ಓಡಾಡಿ ಸ್ಟೇಜಿನ ಕಡೆ ತಲೆಯೇ ಹಾಕದಿದ್ದ ನಮ್ಮಮ್ಮ ಆಗ ಬಂದಳು. ಅಕ್ಕನ ಕೈ ಹಿಡಿದು ಅತ್ತೆಯ ಕೈಗೆ ಕೊಟ್ಟಳು. ಅಲ್ಲಿ ಕ್ಯಾಮೆರಾವೇ ಇರಲಿಲ್ಲ.

2021ರಲ್ಲಿ ಅಮ್ಮ ಹೋದಳು. ಆಮೇಲೆ ಹುಡುಕಿದರೆ ಆ ಮದುವೆಯ ಆಲ್ಬಮ್ಮಿನಲ್ಲಿ ಅಮ್ಮ ಇರುವುದು ಮೂರೇ ಫೋಟೋದಲ್ಲಿ, ಮೂರರಲ್ಲೂ ಸಾಲಿನ ಕೊನೆಗೆ. ವಿಡಿಯೋದಲ್ಲಿ ಒಂದು ಸಲ ತಾಂಬೂಲದ ತಟ್ಟೆ ಹಿಡಿದು ದಾಟಿಹೋಗುತ್ತಾಳೆ. ಎಡಿಟಿಂಗಿನಲ್ಲಿ ಬಿಟ್ಟದ್ದು ಏನಾದರೂ ಇರಬಹುದು ಅಂತ ಭಾವ ಮತ್ತು ನಾನು ಆ ಸ್ಟುಡಿಯೋಗೆ ಹೋದೆವು. ಆತ ಒಳ್ಳೆಯ ಮನುಷ್ಯನೇ, ಪಾಪ. ‘ಆರು ವರ್ಷ ಆಯ್ತಲ್ಲ ಸಾರ್, ಆ ಹಾರ್ಡ್ ಡಿಸ್ಕಿನ ಮೇಲೆ ಎಷ್ಟೋ ಮದುವೆ ತುಂಬಿದೀವಿ. ಆಲ್ಬಮ್ ಕೊಟ್ಟ ಮೇಲೆ ನಾವು ಇಟ್ಟುಕೊಳ್ಳಲ್ಲ’ ಅಂದ. ಇಟ್ಟುಕೊಳ್ಳಿ ಅಂತ ನಾವು ಹೇಳಿರಲೂ ಇಲ್ಲ, ನಮಗೆ ಕೊಡಿ ಅಂತ ಕೇಳಿರಲೂ ಇಲ್ಲ. ತಪ್ಪು ಯಾರದು ಹೇಳಿ!

ಈ ಸಲ ಅದಕ್ಕೇ ನಾನು ಪೆನ್ನು ಹಿಡಿದು ಕೂತದ್ದು.

ಮೂರು ಹೀರೋಗಳ ಎಂಟ್ರಿ

ಮೂರು ಕಡೆ ಕೊಟೇಷನ್ ತರಿಸಿದೆ. ಹೆಸರು ಬೇಡ, ಊರು ಸಾಕು. ತಿಪಟೂರಿನವರು 48,000 ರೂಪಾಯಿ ಅಂದರು. ತುಮಕೂರಿನವರು 72,000. ಬೆಂಗಳೂರಿನವರು 95,000. ಅಪ್ಪ ಕನ್ನಡಕ ಏರಿಸಿ ನೋಡಿ, ‘ಇನ್ನೇನು ಯೋಚನೆ? ನಮ್ಮೂರೋರೇ ಸಾಕು’ ಅಂದುಬಿಟ್ಟರು. 24 ಸಾವಿರ ಉಳಿಯುತ್ತಲ್ಲ, ಯಾರು ತಾನೇ ಬೇಡ ಅಂತಾರೆ?

ಆದರೆ ಮೂರೂ ಹಾಳೆ ಪಕ್ಕಪಕ್ಕ ಇಟ್ಟು ಓದಿದರೆ ನನ್ನ ತಲೆ ತಿರುಗಿತು. ಒಬ್ಬರು ‘2 ದಿನ’ ಅಂತ ಬರೆದಿದ್ದಾರೆ. ಒಬ್ಬರು ‘14 ಗಂಟೆ’ ಅಂತ. ಇನ್ನೊಬ್ಬರು ‘ದಿನಕ್ಕೆ 8 ಗಂಟೆ’ ಅಂತ. ಒಬ್ಬರು ಆಲ್ಬಮ್ 60 ಪೇಜ್ ಅಂದರೆ, ಇನ್ನೊಬ್ಬರು 40 ಶೀಟ್ ಅಂತಾರೆ. 60 ದೊಡ್ಡದಲ್ವಾ ಅಂದುಕೊಂಡರೆ ಕೆಟ್ಟಿರಿ! ಆಲ್ಬಮ್ ಬಿಚ್ಚಿದಾಗ ಎಡಕ್ಕೂ ಬಲಕ್ಕೂ ಹರಡಿಕೊಳ್ಳುವ ಒಂದು ಹಾಳೆಯೇ ಒಂದು ಶೀಟ್, ಅಂದರೆ ಎರಡು ಪೇಜ್. 60 ಪೇಜ್ ಅಂದರೆ ಬರೀ 30 ಶೀಟ್. ಒಬ್ಬ ಸೇರಿನಲ್ಲಿ ಅಳೆದ, ಇನ್ನೊಬ್ಬ ಪಾವಿನಲ್ಲಿ ಅಳೆದ. ಅಕ್ಕಿ ಯಾರದು ಜಾಸ್ತಿ ಅಂತ ಹೇಗೆ ಹೇಳೋದು?

ಅದಕ್ಕೆ ಒಂದು ಉಪಾಯ ಮಾಡಿದೆ. ಅವರ ಹಾಳೆಗಳನ್ನು ಮಡಿಚಿಟ್ಟು, ಮೊದಲು ನಮಗೆ ಏನು ಬೇಕು ಅಂತ ನಮ್ಮದೇ ಒಂದು ಹಾಳೆ ಬರೆದೆ. ಸಿನಿಮಾದಲ್ಲಿ ಅಸೋಸಿಯೇಟ್ ಡೈರೆಕ್ಟರ್ ಶೆಡ್ಯೂಲ್ ಹಾಕುತ್ತಾನಲ್ಲ, ಹಾಗೆ. ಶನಿವಾರ ಬೆಳಗ್ಗೆ 9ರಿಂದ 11 ಮನೆಯಲ್ಲಿ ಚಪ್ಪರ, ಅರಿಶಿನ ಶಾಸ್ತ್ರ: ಎರಡು ಗಂಟೆ. ಸಂಜೆ 6ರಿಂದ ಹತ್ತೂವರೆ ಆರತಕ್ಷತೆ: ನಾಲ್ಕೂವರೆ ಗಂಟೆ. ಭಾನುವಾರ ಬೆಳಗ್ಗೆ 6ಕ್ಕೆ ಅಲಂಕಾರದಿಂದ ಹಿಡಿದು ಹೆಣ್ಣೊಪ್ಪಿಸುವ ತನಕ, ಸಂಜೆ 4: ಹತ್ತು ಗಂಟೆ. ಒಟ್ಟು ಹದಿನಾರೂವರೆ ಗಂಟೆ.

ಜನ ಮೂವರು ಸಾಕು. ಸ್ಟೇಜಿನ ಮುಂದೆ ಗುಂಪು ಫೋಟೋ ತೆಗೆಯಲು ಒಬ್ಬ, ಜನರಿಗೆ ಗೊತ್ತಾಗದ ಹಾಗೆ ಸಹಜವಾಗಿ ತೆಗೆಯುವ ಕ್ಯಾಂಡಿಡ್‌ನವನು ಒಬ್ಬ, ವಿಡಿಯೋಗೆ ಒಬ್ಬ. 40 ಶೀಟಿನ ಒಂದು ಆಲ್ಬಮ್. ಪೂರ್ತಿ ಮದುವೆಯ ವಿಡಿಯೋ, ಜೊತೆಗೆ ನಾಲ್ಕೈದು ನಿಮಿಷದ ಹೈಲೈಟ್ಸ್. ಕೊನೆಗೆ ದಪ್ಪಕ್ಷರದಲ್ಲಿ: ಕ್ಯಾಮೆರಾದಲ್ಲಿ ತೆಗೆದದ್ದೆಲ್ಲಾ, ಒಂದೂ ಬಿಡದೆ ನಮಗೆ ಬೇಕು.

ಈ ಹಾಳೆ ಹಿಡಿದು ಮೂವರಿಗೂ ಒಂದೇ ಪ್ರಶ್ನೆ ಹಾಕಿದೆ: ‘ಇಷ್ಟೂ ಮಾಡಿದರೆ ಒಟ್ಟು ಎಷ್ಟು?’ ಇಲ್ಲಿಂದ ಶುರು ನೋಡಿ ಫೈಟಿಂಗು!

ಮೀಟರ್ ಓಡುವ ರೀತಿ

ತಿಪಟೂರಿನವರ 48,000ದಲ್ಲಿ ಇದ್ದದ್ದು ಇಬ್ಬರೇ, ಫೋಟೋಗೆ ಒಬ್ಬ, ವಿಡಿಯೋಗೆ ಒಬ್ಬ. ಅವರ ‘2 ದಿನ’ ಅಂದರೆ ಆರತಕ್ಷತೆ ರಾತ್ರಿ 10ರ ತನಕ, ಮುಹೂರ್ತದ ದಿನ ಮಧ್ಯಾಹ್ನ 1ರ ತನಕ. ಮನೆಯ ಶಾಸ್ತ್ರ ಬೇಕಾದರೆ 3,000. ಹೊತ್ತು ಮೀರಿದರೆ ಗಂಟೆಗೆ 1,500, ಅರ್ಧ ಗಂಟೆಯಾದರೂ ಒಂದು ಗಂಟೆಯ ಲೆಕ್ಕ. ನಮಗೆ ರಾತ್ರಿ ಒಂದು, ಮಾರನೇ ದಿನ ಮೂರು, ಒಟ್ಟು ನಾಲ್ಕು ಗಂಟೆ, 6,000. ಕ್ಯಾಂಡಿಡ್‌ನವನು ಬೇಕಾದರೆ ಎರಡು ದಿನಕ್ಕೆ 14,000. ಆಲ್ಬಮ್ 30 ಶೀಟಿನದು. ಇನ್ನೂ ಹತ್ತಕ್ಕೆ ಶೀಟಿಗೆ 450ರಂತೆ 4,500. ಹೈಲೈಟ್ಸ್‌ಗೆ 5,000. ಕೂಡಿಸಿ ನೋಡಿದರೆ 80,500! ‘ಡ್ರೋನ್ ಫ್ರೀ ಕೊಡ್ತೀವಿ ಸಾರ್’ ಅಂದರು. ಕಲ್ಯಾಣಮಂಟಪದ ತಾರಸಿಯನ್ನು ಮೇಲಿನಿಂದ ನೋಡಿ ನಾನೇನು ಮಾಡಲಿ?

ತುಮಕೂರಿನವರ 72,000ದಲ್ಲಿ ಮೂವರೂ ಇದ್ದರು, 40 ಶೀಟ್ ಇತ್ತು, ಹೈಲೈಟ್ಸ್ ಇತ್ತು, ಬಂದುಹೋಗುವ ಖರ್ಚೂ ಸೇರಿತ್ತು. ರಾತ್ರಿ ತಂಗಲು ಒಂದು ರೂಮು ಮಾತ್ರ ನಾವು ಕೊಡಬೇಕು. 14 ಗಂಟೆ ದಾಟಿದರೆ ಗಂಟೆಗೆ 2,500. ನಮಗೆ ಎರಡೂವರೆ ಗಂಟೆ ಜಾಸ್ತಿ, ಲೆಕ್ಕಕ್ಕೆ ಮೂರು. 7,500 ಸೇರಿಸಿದರೆ 79,500. ನೋಡಿದಿರಾ? 24 ಸಾವಿರ ಅಗ್ಗ ಅಂದುಕೊಂಡಿದ್ದ ಊರಿನ ಕೊಟೇಷನ್ ಒಂದು ಸಾವಿರ ದುಬಾರಿಯಾಗಿ ಕೂತಿತು!

ಇನ್ನು ಬೆಂಗಳೂರಿನವರು. ದಿನಕ್ಕೆ 8ರಂತೆ 16 ಗಂಟೆ ಇದೆ, ನಮಗೆ ಬೇಕಾದ್ದು ಹದಿನಾರೂವರೆ, ಅರ್ಧ ಗಂಟೆ ತಾನೇ ಅಂತ ಹಿಗ್ಗಿದೆ. ಫೋನಿನಲ್ಲಿ ಆತ ನಕ್ಕು, ‘ಸರ್, ಎಂಟು ಗಂಟೆ ಅಂದ್ರೆ ಒಟ್ಟಿಗೆ ಎಂಟು ಗಂಟೆ’ ಅಂದ. ಅಂದರೆ? ಶನಿವಾರ ಬೆಳಗ್ಗೆ 9ಕ್ಕೆ ಮೀಟರ್ ಒತ್ತಿದರೆ ಸಂಜೆ 5ಕ್ಕೆ ಎಂಟು ಗಂಟೆ ಮುಗಿಯಿತು. ನಡುವೆ ಅವರು ಮಲಗಿದ್ದರೂ ಮೀಟರ್ ಓಡುತ್ತಲೇ ಇರುತ್ತದೆ. ಆರತಕ್ಷತೆ ಶುರುವಾಗುವ ಮುಂಚೆಯೇ ಕಾಲ್‌ಷೀಟ್ ಖಲಾಸ್! ರಾತ್ರಿ ಹತ್ತೂವರೆ ತನಕ ಆರು ಗಂಟೆ ಎಕ್ಸ್‌ಟ್ರಾ, ಭಾನುವಾರ ಎರಡು ಗಂಟೆ. ಗಂಟೆಗೆ 3,000ದಂತೆ 24,000. ಆಲ್ಬಮ್ ಬೇರೆ, ಅದಕ್ಕೆ 22,000. ಪ್ರಯಾಣ, ಲಾಡ್ಜು 9,000. ಎಲ್ಲ ಸೇರಿ ಒಂದೂವರೆ ಲಕ್ಷ. ಅದರ ಮೇಲೆ ಶೇಕಡಾ 18 ಜಿಎಸ್‌ಟಿ, 27,000. ಒಟ್ಟು 1,77,000.

ಅವರು ಮೋಸ ಮಾಡಿದರು ಅಂತ ನಾನು ಹೇಳಲ್ಲ. ಬೆಂಗಳೂರಿನಿಂದ 140 ಕಿಲೋಮೀಟರ್ ಬಂದವರು ನಡುವಿನ ಏಳು ಗಂಟೆಯಲ್ಲಿ ಬೇರೆ ಕೆಲಸಕ್ಕೆ ಹೋಗಲಾರರು, ಅದಕ್ಕೆ ಆ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಊರಿನವರು ನಡುವೆ ಅಂಗಡಿಗೆ ಹೋಗಿ ನಾಲ್ಕು ಪಾಸ್‌ಪೋರ್ಟ್ ಫೋಟೋ ತೆಗೆದು ವಾಪಸ್ ಬರುತ್ತಾರೆ. ಎರಡೂ ನ್ಯಾಯವೇ. ಆದರೆ ‘ಗಂಟೆ’ ಅನ್ನುವ ಒಂದೇ ಪದಕ್ಕೆ ಎರಡು ಅರ್ಥ ಇದೆ ಅನ್ನೋದು ಅಡ್ವಾನ್ಸ್ ಕೊಡುವ ಮುಂಚೆ ನಮಗೆ ಗೊತ್ತಿರಬೇಕು. ‘ಮೀಟರ್ ಯಾವಾಗ ಶುರು, ನಡುವಿನ ಬಿಡುವಿನಲ್ಲಿ ನಿಲ್ಲುತ್ತೋ ಇಲ್ಲವೋ’ ಅಂತ ಕೇಳಿದರೆ ಸಾಕು. ಜಿಎಸ್‌ಟಿ ಹಾಕುವವರ ಹತ್ತಿರ ಜಿಎಸ್‌ಟಿ ನಂಬರ್ ಇರುವ ಬಿಲ್ಲನ್ನೂ ಕೇಳಿ. ನೋಂದಣಿ ಇಲ್ಲದವರು ಆ ತೆರಿಗೆ ವಸೂಲು ಮಾಡುವ ಹಾಗಿಲ್ಲ.

ಎಡಿಟಿಂಗ್ ಟೇಬಲ್

ಬೆಂಗಳೂರು ಔಟ್. ಉಳಿದಿಬ್ಬರ ನಡುವೆ ಸಾವಿರ ರೂಪಾಯಿ ವ್ಯತ್ಯಾಸ. ಇನ್ನು ದುಡ್ಡಿನಿಂದ ತೀರ್ಮಾನ ಆಗುವ ಮಾತಲ್ಲ.

ಇಬ್ಬರೂ ಮೊಬೈಲಿನಲ್ಲಿ ತಮ್ಮ ಹೈಲೈಟ್ಸ್ ತೋರಿಸಿದರು. ಸ್ಲೋಮೋಷನ್ನಿನಲ್ಲಿ ಅಕ್ಷತೆ ಬೀಳುತ್ತದೆ, ಮದುಮಗಳು ತಿರುಗಿ ನಗುತ್ತಾಳೆ. ಬಲು ಜೋರು! ಆದರೆ ನನಗೆ ಗೊತ್ತು ಸ್ವಾಮಿ, ಟ್ರೇಲರ್ ನೋಡಿ ಸಿನಿಮಾ ಹೇಳಲಾಗದು. ಹತ್ತು ಮದುವೆಯ ಹತ್ತು ಒಳ್ಳೆ ಶಾಟ್ ಆರಿಸಿದರೆ ಯಾರ ಹೈಲೈಟ್ಸೂ ಚೆನ್ನಾಗಿರುತ್ತದೆ. ‘ಒಂದೇ ಮದುವೆಯ ಪೂರ್ತಿ ಆಲ್ಬಮ್, ಪೂರ್ತಿ ವಿಡಿಯೋ ತೋರಿಸಿ’ ಅಂದೆ. ಊರಿನವರ ವಿಡಿಯೋದಲ್ಲಿ ಆರತಕ್ಷತೆಯ ಲೈಟಿಗೆ ಮುಖಗಳೆಲ್ಲ ಬಿಳಿಚಿಹೋಗಿದ್ದವು. ಮಂಗಳವಾದ್ಯದ ಕಡೆ ಸೌಂಡ್ ಒಡೆದಿತ್ತು. ತುಮಕೂರಿನವರದು ಅಷ್ಟೇನೂ ಅದ್ಭುತ ಅಲ್ಲ, ಆದರೆ ಹಿಂದಿನ ಸಾಲಿನಲ್ಲಿ ಕೂತ ಅಜ್ಜಿಯ ಮುಖವೂ ಕಾಣುತ್ತಿತ್ತು. ನನಗೆ ಬೇಕಾದದ್ದು ಅದೇ. ‘ಇದನ್ನು ತೆಗೆದವರೇ ನಮ್ಮ ಮದುವೆಗೂ ಬರ್ತಾರಾ?’ ಅಂತ ಕೇಳಿದೆ. ಯಾಕೆಂದರೆ ಸೀಸನ್ನಿನಲ್ಲಿ ಒಂದೇ ದಿನ ಮೂರು ಮದುವೆ ಒಪ್ಪಿಕೊಂಡು ಹೊರಗಿನ ಹುಡುಗರನ್ನು ಕಳಿಸುವುದುಂಟು. ಕ್ಯಾಂಡಿಡ್ ಮತ್ತು ವಿಡಿಯೋದವರ ಹೆಸರನ್ನು ಕೊಟೇಷನ್ನಿನ ಮೇಲೇ ಬರೆಸಿದೆ.

ತೆಗೆದ ಮೇಲೆ ಎಡಿಟಿಂಗು. ಎರಡು ದಿನದಲ್ಲಿ ಮೂರು ಸಾವಿರ ಫೋಟೋ ಆಗುತ್ತವೆ. 40 ಶೀಟಿನ ಆಲ್ಬಮ್ಮಿಗೆ ಹಿಡಿಯುವುದು ನೂರ ಅರವತ್ತೋ ಇನ್ನೂರೋ. ಆರಿಸುವವರು ನಾವೇ. ಆಲ್ಬಮ್ ತಡ ಆಯಿತು ಅಂತ ಸ್ಟುಡಿಯೋದವರನ್ನು ಬೈಯುವ ಅರ್ಧ ಜನ ಫೋಟೋ ಆರಿಸಿ ಕೊಡುವುದಕ್ಕೇ ನಾಲ್ಕು ತಿಂಗಳು ಮಾಡಿರುತ್ತಾರೆ. ತುಮಕೂರಿನವರ ಷರತ್ತು ಹೀಗಿತ್ತು: 30 ದಿನದಲ್ಲಿ ಆರಿಸಿ ಕೊಡಬೇಕು, ಡಿಸೈನ್ ತೋರಿಸಿದ ಮೇಲೆ ಎರಡು ಸಲ ತಿದ್ದುವುದು ಉಚಿತ, ಮೂರನೇ ಸಲಕ್ಕೆ 1,000. ‘ಇದು ಹಾಕಿ, ಅದು ತೆಗೀರಿ’ ಅಂತ ದಿನಕ್ಕೊಂದು ಫೋನ್ ಮಾಡಿದರೆ ದುಡ್ಡು ಬೀಳುತ್ತದೆ. ಮನೆಯವರೆಲ್ಲ ಒಂದು ರಾತ್ರಿ ಕೂತು ತಿದ್ದುಪಡಿಗಳನ್ನು ಒಂದೇ ಪಟ್ಟಿ ಮಾಡಿದರೆ ಎರಡು ಸಲ ಧಾರಾಳ ಸಾಕು. ವಿಡಿಯೋ ಆದರೆ ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡು ಅಂತ ಬರೆದು ಕೊಡಬೇಕು.

ನಿಮ್ಮಂಥ ಅಭಿಮಾನಿಗಳಿಗೆ ಒಂದು ಕಿವಿಮಾತು. ಹೈಲೈಟ್ಸ್‌ಗೆ ನಮ್ಮ ಮೆಚ್ಚಿನ ನಟನ ಹಾಡು ಹಾಕಿಸುವ ಆಸೆ ಎಲ್ಲರಿಗೂ ಇರುತ್ತದೆ. ಮನೆಯ ಟೀವಿಯಲ್ಲಿ ಹಾಕಿಕೊಂಡು ನೋಡಿ, ಯಾರೂ ಕೇಳಲ್ಲ. ಯೂಟ್ಯೂಬಿಗೆ ಏರಿಸಿದರೆ ಹಾಡಿನ ಹಕ್ಕುದಾರರ ಕಡೆಯಿಂದ ಸೌಂಡ್ ಬಂದ್ ಆಗಬಹುದು, ವಿಡಿಯೋನೇ ತಡೆಯಲೂಬಹುದು. ಹಂಚುವ ಯೋಚನೆ ಇದ್ದರೆ ಲೈಸೆನ್ಸ್ ಇರುವ ಸಂಗೀತದ ಇನ್ನೊಂದು ಪ್ರತಿ ಮೊದಲೇ ಕೇಳಿ.

ಬಿಟ್ಟ ರೀಲು ಯಾರದು?

ಈಗ ನನ್ನ ದಪ್ಪಕ್ಷರದ ಸಾಲು. ಊರಿನವರು ‘ಎಲ್ಲಾ ಫೋಟೋ ಪೆನ್‌ಡ್ರೈವಿನಲ್ಲಿ ಕೊಡ್ತೀವಲ್ಲ’ ಅಂದರು. ‘ವಿಡಿಯೋ?’ ಅಂದೆ. ‘ಎಡಿಟ್ ಆಗಿದ್ದು ಕೊಡ್ತೀವಿ. ಎಡಿಟ್ ಆಗದ್ದು ಕೊಡೋ ಪದ್ಧತಿ ಇಲ್ಲ ಸಾರ್, ಅದರಲ್ಲಿ ಅಲ್ಲಾಡಿದ್ದು, ಮಸುಕಾದ್ದು ಎಲ್ಲಾ ಇರುತ್ತೆ, ನಮ್ಮ ಹೆಸರು ಕೆಡುತ್ತೆ.’ ಅವರ ಭಯವೂ ಸರಿಯೇ. ತುಮಕೂರಿನವರು, ‘ಹಾರ್ಡ್ ಡಿಸ್ಕ್ ನೀವು ತನ್ನಿ, ತುಂಬಿಸಿಕೊಡ್ತೀವಿ’ ಅಂದರು. ಇಲ್ಲಿಗೆ ತೀರ್ಮಾನ ಆಯಿತು.

ಎಷ್ಟು ದೊಡ್ಡ ಡಿಸ್ಕ್ ಬೇಕು? ಅವರ ಕ್ಯಾಮೆರಾದಲ್ಲಿ ಒಂದು ಗಂಟೆಯ 4ಕೆ ವಿಡಿಯೋ ಸುಮಾರು 45 ಜಿಬಿ ತಿನ್ನುತ್ತದೆ. ಎರಡು ದಿನದಲ್ಲಿ ಎಂಟು ಗಂಟೆ ಓಡಿದರೆ 360 ಜಿಬಿ, ಅದರ ಮೇಲೆ ಫೋಟೋಗಳು. 32 ಜಿಬಿ ಪೆನ್‌ಡ್ರೈವಿನಲ್ಲಿ ‘ಎಲ್ಲಾ’ ಕೊಡುತ್ತೇನೆ ಅಂದವರ ಮಾತಿನ ಅರ್ಥ ಅಲ್ಲೇ ಗೊತ್ತಾಗುತ್ತದಲ್ಲ! ನಾನು 4,500 ಕೊಟ್ಟು 1 ಟಿಬಿಯ ಹಾರ್ಡ್ ಡಿಸ್ಕ್ ತಂದೆ.

ಇಲ್ಲಿ ಕಾನೂನಿನ ಒಂದು ಮಾತು. 1957ರ ಕಾಪಿರೈಟ್ ಕಾಯಿದೆಯ 17ನೇ ಕಲಮಿನ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೋ, ಚಿತ್ರದ ಮೊದಲ ಹಕ್ಕು ತೆಗೆಸಿದವರದು, ಬೇರೆ ಒಪ್ಪಂದ ಇಲ್ಲದಿದ್ದರೆ. ಅದಕ್ಕೇ ಸಹಿ ಹಾಕುವ ಹಾಳೆಯ ಕೊನೆಯ ಸಣ್ಣಕ್ಷರ ಓದಬೇಕು, ಹಕ್ಕು ತಮ್ಮದು ಅಂತ ಸ್ಟುಡಿಯೋದವರು ಬರೆದಿರಬಹುದು. ಹಕ್ಕು ನಮ್ಮದಾದರೂ ಫೈಲು ಅಳಿಸಿಹೋದ ಮೇಲೆ ಆ ಹಕ್ಕನ್ನು ಇಟ್ಟುಕೊಂಡು ಏನು ಮಾಡೋದು? ‘ಕ್ಯಾಮೆರಾದಿಂದ ಬಂದ ಹಾಗೇ ಎಲ್ಲಾ ಫೋಟೋ, ಎಲ್ಲಾ ವಿಡಿಯೋ, ಮದುವೆಯಾದ 15 ದಿನದಲ್ಲಿ ಕೊಡತಕ್ಕದ್ದು. ನಾವು ನೋಡಿ ಸರಿ ಅನ್ನುವ ತನಕ ಅಳಿಸಬಾರದು’ ಅಂತ ಎರಡು ಸಾಲು ಬರೆಸಿದೆ.

ದುಡ್ಡಿನ ಚೌಕಾಸಿಯೂ ಆಯಿತು. ಚಪ್ಪರದ ದಿನ ಮನೆಯ ಶಾಸ್ತ್ರಕ್ಕೆ ಅವರು ಬೇಡ, ಚಿಕ್ಕಪ್ಪನ ಮಗ ಮೊಬೈಲಿನಲ್ಲಿ ತೆಗೆಯಲಿ ಅಂತ ಬಿಟ್ಟೆ. ಉಳಿದದ್ದು ಹದಿನಾಲ್ಕೂವರೆ ಗಂಟೆ, ಆ ಅರ್ಧ ಗಂಟೆಯನ್ನು ಅವರು ಬಿಟ್ಟರು. ಹಾಗಾಗಿ 72,000ಕ್ಕೇ ನಿಂತಿತು. ಅಡ್ವಾನ್ಸ್ 20,000, ಮುಹೂರ್ತದ ದಿನ 40,000, ಉಳಿದ 12,000 ಆಲ್ಬಮ್ ಕೈಗೆ ಬಂದ ಮೇಲೆ. ಇನ್ನೊಂದು ಷರತ್ತು: ಹೊತ್ತು ಮುಗಿಯುವ ಮುಂಚೆ ನನ್ನೊಬ್ಬನನ್ನೇ ಕೇಳಬೇಕು. ಗಲಾಟೆಯಲ್ಲಿ ಯಾರೋ ಮಾವ ‘ಇರ್ಲಿ ತೆಗೀರಪ್ಪ’ ಅಂದರೆ ಅದು ಲೆಕ್ಕಕ್ಕಿಲ್ಲ.

ಕ್ಲೈಮ್ಯಾಕ್ಸ್

ಭಾನುವಾರ ನಾಲ್ಕಕ್ಕೆ ವಿಡಿಯೋ ಹುಡುಗ ಬಂದು, ‘ಅಣ್ಣಾ, ಟೈಮ್ ಆಯ್ತು. ಇನ್ನೂ ಹೆಣ್ಣೊಪ್ಪಿಸಿಲ್ಲ. ಒಂದು ಗಂಟೆ ಹಾಕ್ಕೊಳ್ಳಲಾ?’ ಅಂದ. ಬೀಗರ ಕಡೆಯ ಬಸ್ಸಿಗೆ ಏನೋ ತೊಂದರೆಯಾಗಿ ಎಲ್ಲ ತಡವಾಗಿತ್ತು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ‘ಹಾಕ್ಕೊಳಪ್ಪಾ’ ಅಂದೆ. 2,500 ರೂಪಾಯಿ. ಹೆಣ್ಣೊಪ್ಪಿಸಿದ್ದು ನಾಲ್ಕು ನಲವತ್ತಕ್ಕೆ. ಅಮ್ಮನ ಜಾಗದಲ್ಲಿ ಅಕ್ಕ ನಿಂತು ತಂಗಿಯ ಕೈ ಹಿಡಿದುಕೊಟ್ಟಳು.

ಹನ್ನೆರಡನೇ ದಿನ ಹಾರ್ಡ್ ಡಿಸ್ಕ್ ಬಂತು. ಸುಮ್ಮನೆ ಬೀರುವಿನಲ್ಲಿ ಇಡಲಿಲ್ಲ. ಒಂದೊಂದು ಫೋಲ್ಡರ್ ತೆರೆದು, ಪ್ರತಿ ಶಾಸ್ತ್ರದ್ದೂ ಒಂದೊಂದು ವಿಡಿಯೋ ಓಡಿಸಿ, ಸೌಂಡ್ ಇದೆಯಾ ನೋಡಿ, ಭಾವನ ಮನೆಯ ಇನ್ನೊಂದು ಡಿಸ್ಕಿಗೂ ನಕಲು ಮಾಡಿದ ಮೇಲೆಯೇ ‘ಸರಿ’ ಅಂತ ಫೋನ್ ಮಾಡಿದೆ. ಡಿಸ್ಕ್ ಯಾವಾಗ ಬೇಕಾದರೂ ಕೈಕೊಡಬಹುದು, ಒಂದನ್ನೇ ನಂಬಬಾರದು.

ಆ ರಾತ್ರಿ ನೋಡುತ್ತಾ ಕೂತಾಗ ಒಂದು ತುಣುಕು ಕಂಡಿತು. ವಿಡಿಯೋದವನು ಕಾರಿನ ಕಡೆ ಹೋಗುತ್ತಾ ಕ್ಯಾಮೆರಾ ನಿಲ್ಲಿಸದೆ ಇಳಿಬಿಟ್ಟಿದ್ದಾನೆ. ಚಿತ್ರ ಅಲ್ಲಾಡುತ್ತದೆ, ವಾಲಿದೆ. ಅದರ ಮೂಲೆಯಲ್ಲಿ ಕಂಬದ ಹಿಂದೆ ಅಪ್ಪ, ಯಾರಿಗೂ ಕಾಣದ ಹಾಗೆ ನಿಂತು ಶಲ್ಯದ ತುದಿಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ನಲವತ್ತು ಸೆಕೆಂಡು. ಆಮೇಲೆ ಬಂದ ಎಡಿಟ್ ಆದ ವಿಡಿಯೋದಲ್ಲಿ ಅದು ಇಲ್ಲ. ಯಾವ ಎಡಿಟರ್ ತಾನೇ ಅದನ್ನು ಇಟ್ಟಾನು?

ಅಪ್ಪನಿಗೂ ತೋರಿಸಿದೆ. ನೋಡಿ ಸುಮ್ಮನಿದ್ದರು. ಸ್ವಲ್ಪ ಹೊತ್ತಿನ ಮೇಲೆ ಆ ಡಿಸ್ಕನ್ನು ಕೈಗೆತ್ತಿಕೊಂಡು ಕೇಳಿದರು:

‘ದೊಡ್ಡೋಳ ಮದುವೇದು ಇದರಲ್ಲಿ ಹಾಕೋಕೆ ಏನೂ ಇಲ್ವಾ ಮಗಾ?’

‘ಇಲ್ಲ ಅಪ್ಪ’ ಅಂದೆ.

ನಿಮ್ಮ ಮನೆಯಲ್ಲಿ ಮದುವೆ ಗೊತ್ತಾಗಿದ್ದರೆ, ಕೊಟೇಷನ್ನಿನ ಕೊನೆಯ ಮೊತ್ತ ನೋಡುವ ಮುಂಚೆ ಎರಡು ಪ್ರಶ್ನೆ ಕೇಳಿ. ಕ್ಯಾಮೆರಾ ಎಷ್ಟು ಹೊತ್ತಿನ ತನಕ ಇರುತ್ತೆ? ತೆಗೆದದ್ದೆಲ್ಲಾ ನಮ್ಮ ಕೈಗೆ ಬರುತ್ತಾ? ಉತ್ತರವನ್ನು ಬರೆಸಿಕೊಳ್ಳಿ.